ಹೆಬ್ಬೆರಳಗಲದ ಪಟ್ಟಿ

ಶೂಗಳ ಡಬ್ಬಿಗಳು ಸೈಟಿಗೆ ಬಂದ ದಿನ ವನಜಾಗೆ ಮಧ್ಯಾಹ್ನದ ಊಟವೂ ನೆನಪಾಗಲಿಲ್ಲ. ಮೂರು ತಿಂಗಳಿಂದ ಅವಳು ಅದಕ್ಕಾಗಿ ಕಾಗದದ ಮೇಲೆ ಕಾಗದ ಬರೆದಿದ್ದಳು. ಪ್ರಾಜೆಕ್ಟ್ ಮ್ಯಾನೇಜರ್ ಜಯಪ್ರಕಾಶ್ ಎದುರಾದಾಗಲೆಲ್ಲ ಬಾಯಲ್ಲೂ ಕೇಳಿದ್ದಳು. ಆತ ಪ್ರತಿ ಸಲವೂ "ಆಯ್ತಮ್ಮ, ಹೇಳಿದೀನಿ, ಬರುತ್ತೆ" ಅನ್ನುತ್ತಿದ್ದ. ಈಗ ನಿಜವಾಗಿಯೂ ಬಂದಿದ್ದವು. ನಲವತ್ತು ಜೊತೆ ಕಪ್ಪು ಶೂ, ಹಿಮ್ಮಡಿಯ ಮೇಲೊಂದು ಹಳದಿ ಗೆರೆ, ಹೊಸ ರಬ್ಬರಿನ ವಾಸನೆಯ ಸಮೇತ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಅಂಗಡಿಸಾಲು ಮುಗಿದು ಕಬ್ಬಿನ ಗದ್ದೆ ಶುರುವಾಗುವ ಜಾಗದಲ್ಲಿ ಒಂದು ಹಳೆಯ ಅಕ್ಕಿ ಗಿರಣಿ ಇತ್ತು. ಅದನ್ನು ಕೆಡವಿ ಅಲ್ಲೇ ದೊಡ್ಡ ಗೋದಾಮು ಕಟ್ಟುವ ಕೆಲಸ. ಹಿಂದಿನ ಭಾಗವನ್ನು ಇನ್ನೂ ಕೆಡವುತ್ತಿರುವಾಗಲೇ ಮುಂದಿನ ಭಾಗದಲ್ಲಿ ಕಂಬಗಳೆದ್ದು ಛಾವಣಿಯ ಮೋಲ್ಡ್ ಹಾಕುತ್ತಿದ್ದರು. ಹಾಗಾಗಿ ಸೈಟಿನೊಳಗೆ ಸಮನಾದ ನೆಲ ಅನ್ನುವುದೇ ಇರಲಿಲ್ಲ. ಒಂದು ಕಡೆ ಮುರಿದ ಇಟ್ಟಿಗೆ, ಕಾಂಕ್ರೀಟಿನ ಹೆಂಟೆ, ಅದರೊಳಗಿಂದ ಚಾಚಿಕೊಂಡ ತುಕ್ಕು ಕಬ್ಬಿಣ. ಇನ್ನೊಂದು ಕಡೆ ಮೋಲ್ಡಿಗೆ ಅಡಿಯಿಂದ ಆನಿಸಿದ್ದ ಸೆಂಟ್ರಿಂಗಿನಿಂದ ಬಿಚ್ಚಿ ಬಿಸಾಡಿದ ಹಲಗೆಗಳು, ಅವುಗಳಿಂದ ಮೇಲಕ್ಕೆ ನಿಂತ ಮೊಳೆಗಳು. ಇದರ ನಡುವೆ ಎಪ್ಪತ್ತು ಜನ ರಬ್ಬರು ಚಪ್ಪಲಿಯಲ್ಲಿ, ಕೆಲವರು ಬರಿಗಾಲಲ್ಲಿ ಓಡಾಡುತ್ತಿದ್ದರು.

ವನಜಾ ದುದ್ದದವಳು. ಮಂಡ್ಯದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ಒಂದು ತಿಂಗಳ ಸುರಕ್ಷತಾ ಕೋರ್ಸು ಮಾಡಿ, ಇಪ್ಪತ್ತೇಳನೆಯ ವಯಸ್ಸಿಗೆ ಈ ಸೈಟಿನ ಸೇಫ್ಟಿ ಸೂಪರ್‌ವೈಸರ್ ಆಗಿದ್ದಳು. ಊರಲ್ಲಿ ಅವಳಪ್ಪ ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಸೈಟಿನಲ್ಲಿ ಮಾತ್ರ ಅವಳ ಮಾತಿಗೆ ಅಷ್ಟೇನೂ ಬೆಲೆಯಿರಲಿಲ್ಲ. ಹೆಲ್ಮೆಟ್ ಹಾಕಿ ಅಂದರೆ ಅವಳು ಕಾಣುವವರೆಗೆ ಹಾಕಿ, ಆಚೆ ಹೋದ ಮೇಲೆ ಅದರಲ್ಲಿ ಮೊಳೆ ತುಂಬಿಡುತ್ತಿದ್ದರು.

ಆ ಸಂಜೆ ಕೆಲಸ ಬಿಡುವ ಹೊತ್ತಿಗೆ ಎಲ್ಲರನ್ನೂ ಸ್ಟೋರ್ ಶೆಡ್ಡಿನ ಮುಂದೆ ಸೇರಿಸಿದಳು. ಒಂದು ಶೂ ಎತ್ತಿ ಹಿಡಿದು ಹೇಳಿದಳು: "ಇದರ ಅಡಿಯ ಸೋಲಿನೊಳಗೆ ಸ್ಟೀಲ್ ಇದೆ. ಮೊಳೆ ಹೋಗಲ್ಲ. ಕಲ್ಲಿನ ಮೇಲೆ ಕಾಲಿಟ್ಟರೆ ಪಾದ ತಿರುಚಿಕೊಳ್ಳಲ್ಲ."

ಮುಂದಿನ ಸಾಲಿನಲ್ಲಿ ಬೆಸಗರಹಳ್ಳಿಯ ಅಂಕಯ್ಯ ಬೀಡಿ ಕಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಐವತ್ತೆರಡು ವರ್ಷದ ಸೆಂಟ್ರಿಂಗ್ ಕೆಲಸಗಾರ. ಹಲಗೆ ಹೊಂದಿಸುವುದರಲ್ಲಿ ಸುತ್ತಲ ಊರುಗಳಲ್ಲೇ ಅವನಿಗೆ ಹೆಸರಿತ್ತು. ಅವನು ಒಪ್ಪಿದ ಕೆಲಸವನ್ನು ಉಳಿದವರು ಪ್ರಶ್ನೆ ಮಾಡುತ್ತಿರಲಿಲ್ಲ.

"ಬುಡು ಮೇಡಮ್ಮು," ಅಂದ ಅವನು. "ಮೂವತ್ತು ವರ್ಸದಿಂದ ಮೊಳೆ ಮ್ಯಾಲೇ ಓಡಾಡೀನಿ. ನನ್ನ ಕಾಲಿಗೇ ಕಣ್ಣವೆ. ಈ ಬೂಟೊಳಕ್ಕೆ ತುರುಕ್‌ಬುಟ್ರೆ ಕುರುಡಾಯ್ತವೆ."

ಜನ ನಕ್ಕರು. ವನಜಾಗೆ ಮುಖ ಬಿಸಿಯಾಯಿತು. ಈ ಒಬ್ಬ ಮನುಷ್ಯನನ್ನು ಒಪ್ಪಿಸಿದರೆ ಮೂವತ್ತೊಂಬತ್ತು ಜನ ತಾವಾಗಿಯೇ ಒಪ್ಪುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅವಳು ಶೂವನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. ಅಂಕಯ್ಯನ ಪಕ್ಕದಲ್ಲಿದ್ದ ಸುತ್ತಿಗೆಯನ್ನೇ ತೆಗೆದುಕೊಂಡಳು. ಒಂದು ಮೊಳೆಯನ್ನು ಸೋಲಿನ ನಟ್ಟನಡುವೆ, ಹಿಮ್ಮಡಿಯ ಮುಂದೆ ಅಂಗಾಲಿನ ಗುಳಿ ಕೂರುವ ಜಾಗದಲ್ಲಿ ನಿಲ್ಲಿಸಿ ಎರಡೇಟು ಹಾಕಿದಳು. ಮೊಳೆ ರಬ್ಬರಿನೊಳಗೆ ಸ್ವಲ್ಪ ಇಳಿದು ಟಣ್ ಎಂದಿತು. ಮೂರನೆಯ ಏಟಿಗೆ ಕುತ್ತಿಗೆ ಬಾಗಿಸಿ ಮಲಗಿತು.

"ನೋಡಿ," ಅಂದಳು. ದನಿಯಲ್ಲಿ ಗೆದ್ದವಳ ಹಿಗ್ಗಿತ್ತು.

ಅಂಕಯ್ಯ ಬಾಗಿದ ಮೊಳೆಯನ್ನು ಕಿತ್ತು ಬೆರಳಲ್ಲಿ ಉರುಳಿಸಿ ನೋಡಿದ. ಶೂವಿನೊಳಗೆ ಕೈ ಹಾಕಿ ತಡವಿದ. ತೂತಿರಲಿಲ್ಲ.

"ಅಲೆಲೆ," ಅಂದ. "ಸರಿ ಕೊಡವ್ವ ಒಂದು ಜೊತೆ. ಎಂಟನೇ ನಂಬರು."

ಅವನ ಹೆಂಡತಿ ಮಾಯಮ್ಮ ಅದೇ ಸೈಟಿನಲ್ಲಿ ಬಾಂಡ್ಲಿ ಹೊರುತ್ತಿದ್ದಳು. "ನಮ್ಗೆ?" ಎಂದು ಹಿಂದಿನಿಂದ ಕೇಳಿದಳು. ವನಜಾ ಡಬ್ಬಿಗಳ ಮೇಲಿನ ಅಂಕಿಗಳನ್ನೆಲ್ಲ ನೋಡಿದಳು. ಏಳಕ್ಕಿಂತ ಕೆಳಗಿನದು ಒಂದೂ ಇರಲಿಲ್ಲ. ಹೆಂಗಸರ ಕಾಲಿನ ಅಳತೆಯನ್ನು ಯಾರೂ, ಅವಳೂ, ಬರೆದೇ ಇರಲಿಲ್ಲ.

"ಮುಂದಿನ ಸಲ ತರಿಸ್ತೀನಿ ಮಾಯಕ್ಕ," ಅಂದಳು.

"ಬುಡವ್ವ. ನಾನು ನೆಲ ನೋಡ್ಕಂಡೇ ನಡ್ಯಾದು."

*

ಮೊದಲ ಎರಡು ದಿನ ಗಂಡಸರು ಕಾಲು ಎತ್ತೆತ್ತಿ ಹಾಕುತ್ತ, ಕೆಸರಲ್ಲಿ ನಡೆಯುವ ಎತ್ತುಗಳ ಹಾಗೆ ಓಡಾಡಿದರು. ಆಮೇಲೆ ಒಗ್ಗಿತು. ಅಂಕಯ್ಯ ಎಲ್ಲರಿಗಿಂತ ಹೆಚ್ಚಾಗಿ ಮೆಚ್ಚಿದ. ಕೆಡವಿದ ಭಾಗದ ಕಲ್ಲುಗುಡ್ಡೆ ಹತ್ತಿ, ಮೋಲ್ಡಿಗೆ ಊರೆ ಕೊಡುವ ಜಾಕಿಗಳನ್ನು ಸಾಗಿಸುವಾಗ ಮೊದಲೆಲ್ಲ ಒಂದೊಂದು ಹೆಂಟೆಯ ಅಂಚೂ ಅಂಗಾಲಿಗೆ ಒತ್ತಿ, ಸಂಜೆ ಹೊತ್ತಿಗೆ ಪಾದದ ನಡು ಸಿಡಿಯುತ್ತಿತ್ತಂತೆ. ಈಗ ಏಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ನಿಂತರೂ ಕಾಲು ಬಾಗುವುದಿಲ್ಲ ಅಂದ.

"ಒಳಗೊಂದು ಬೆನ್ನುಮೂಳೆ ಮಡ್ಗವ್ರೆ ಕಣ್ಲಾ ಇದ್ರಲ್ಲಿ," ಎಂದು ಜೊತೆಯವರಿಗೆ ಹೇಳುತ್ತಿದ್ದ. ಅವನ ಮಾತು ಎಷ್ಟು ಸರಿ ಎಂದು ಆಗ ಅವನಿಗೂ ಗೊತ್ತಿರಲಿಲ್ಲ, ಕೇಳಿಸಿಕೊಂಡು ನಗುತ್ತಿದ್ದ ವನಜಾಗೂ ಗೊತ್ತಿರಲಿಲ್ಲ.

ಇನ್ನೊಂದು ಬದಲಾವಣೆಯನ್ನು ಅವಳು ಗಮನಿಸಿದ್ದಳು, ಆದರೆ ಅದಕ್ಕೆ ಅರ್ಥ ಹಚ್ಚಿರಲಿಲ್ಲ. ಮೊದಲು ಅಂಕಯ್ಯ ಹಲಗೆಗಳ ನಡುವೆ ನಡೆಯುವಾಗ ತಲೆ ತಗ್ಗಿಸಿ, ಹೆಬ್ಬೆರಳಿನ ತುದಿಯಿಂದ ನೆಲ ಮುಟ್ಟಿ ನೋಡಿ ಹೆಜ್ಜೆ ಊರುತ್ತಿದ್ದ. ಈಗ ತಲೆಯೆತ್ತಿ, ಯಾರನ್ನೋ ಕೂಗುತ್ತ, ದಡದಡ ನಡೆಯುತ್ತಿದ್ದ. ಬಿಚ್ಚಿದ ಹಲಗೆಗಳ ಮೊಳೆಗಳನ್ನು ಅಂದಂದೇ ಕೀಳಬೇಕು ಅನ್ನುವ ಅವಳ ನಿಯಮವೂ ಸಡಿಲವಾಗಿತ್ತು. ಮೇಸ್ತ್ರಿ ಶಿವರಾಮು, "ಶೂ ಅದೆಯಲ್ಲ ಮೇಡಂ, ಮೊಳೆ ನಾಳೆ ಕಿತ್ರಾಯ್ತು" ಅಂದಾಗ ಅವಳು ಗದರಲಿಲ್ಲ.

ಶೂ ಕೊಟ್ಟ ಹದಿನೇಳನೆಯ ದಿನ, ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಮುಂದಿನ ಭಾಗದ ಮೋಲ್ಡಿನ ಕೆಳಗಿಂದ ಜಾಕಿಗಳನ್ನು ಬಿಚ್ಚುತ್ತಿದ್ದರು. ವನಜಾ ಹತ್ತು ಅಡಿ ದೂರದಲ್ಲಿ ನಿಂತು ಎಣಿಸುತ್ತಿದ್ದಳು. ಅಂಕಯ್ಯ ಭುಜದ ಮೇಲೊಂದು ಕಬ್ಬಿಣದ ಜಾಕಿ ಹೊತ್ತು, ಹಲಗೆಗಳ ರಾಶಿಯ ಮೇಲಿಂದ ಕೆಳಕ್ಕೆ ಕಾಲಿಟ್ಟ. ಬಲಗಾಲು. ಮೈಯ ಭಾರ, ಜಾಕಿಯ ಭಾರ ಎರಡೂ ಪಾದದ ಮುಂಭಾಗದ ಮೇಲೆ ಬಿತ್ತು.

ಅವನು ಕೂಗಲಿಲ್ಲ. "ಹ್ಞಾ" ಎಂದು ಉಸಿರು ಎಳೆದುಕೊಂಡ ಅಷ್ಟೆ. ಕಾಲು ಎತ್ತಿದಾಗ ಮೂರಡಿಯ ಹಲಗೆ ಕಾಲಿನ ಜೊತೆಗೇ ಎದ್ದು ಬಂತು.

ಜಾಕಿ ಇಳಿಸಿದರು. ಶಿವರಾಮು ಹಲಗೆಯನ್ನು ಮೆಟ್ಟಿ ಹಿಡಿದ, ಇಬ್ಬರು ಕಾಲನ್ನು ನೇರವಾಗಿ ಮೇಲಕ್ಕೆ ಎಳೆದರು. ಮೊಳೆ ಬಿಟ್ಟುಕೊಂಡಿತು. ಶೂ ಬಿಚ್ಚಿದಾಗ ಕಾಲುಚೀಲದ ಮೇಲೆ ಹೆಬ್ಬೆರಳಿನ ಬುಡದಲ್ಲಿ ಕಾಸಿನಗಲ ರಕ್ತ. ಅಷ್ಟೇ.

ಮಾಯಮ್ಮ ಬಾಂಡ್ಲಿ ಬಿಸಾಕಿ ಓಡಿ ಬಂದಳು. ಗಂಡನ ಪಾದ ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಆಮೇಲೆ ವನಜಾಳ ಕಡೆ ನೋಡಿದಳು.

"ಮೊಳೆ ಓಗಾಕಿಲ್ಲ ಅಂದಿದ್ಯಲ್ಲವ್ವ?"

*

ವನಜಾಳೇ ಆಟೋ ಹಿಡಿದು ಅಂಕಯ್ಯನನ್ನು ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಯ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು, ಎರಡು ದಿನ ಬಿಟ್ಟು ಬಂದು ತೋರಿಸಿ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ ಎಂದರು. ಅಂಕಯ್ಯ ಎಲ್ಲದಕ್ಕೂ ತಲೆಯಾಡಿಸಿದ. ಬೆಸಗರಹಳ್ಳಿಯ ಬಸ್ಸಿಗೆ ಹತ್ತಿಸುವಾಗ, "ಇದೇನು ಮಾ ಗಾಯವಾ, ಸೋಮವಾರ ಬತ್ತೀನಿ ಬುಡವ್ವ" ಅಂದ.

ಸೈಟಿಗೆ ಮರಳಿದವಳು ಸ್ಟೋರ್ ಶೆಡ್ಡಿನಲ್ಲಿ ಆ ಬಲಗಾಲಿನ ಶೂವನ್ನು ಮುಂದಿಟ್ಟುಕೊಂಡು ಕೂತಳು. ಸೋಲಿನ ಮುಂಭಾಗದಲ್ಲಿ ಬೆಂಕಿಕಡ್ಡಿ ಗಾತ್ರದ ತೂತು. ಒಂದು ಮೊಳೆ ತೆಗೆದುಕೊಂಡು ಅದರ ಪಕ್ಕದಲ್ಲೇ ಅಂಗೈಯಿಂದ ಒತ್ತಿದಳು. ಸುತ್ತಿಗೆ ಬೇಕಾಗಲಿಲ್ಲ. ಕಲ್ಲಿಗೆ ಊರಿ ಮೈಭಾರ ಬಿಟ್ಟಾಗ ಮೊಳೆ ಸಲೀಸಾಗಿ ಒಳಗಿಳಿದು, ಶೂವಿನೊಳಗೆ ತುದಿ ತೋರಿಸಿತು. ಹಿಮ್ಮಡಿಯಲ್ಲೂ ಒತ್ತಿದಳು. ದಪ್ಪ ರಬ್ಬರು, ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು, ಆದರೂ ಇಳಿಯಿತು. ನಡುವಿನ ಗುಳಿಯಲ್ಲಿ ಒತ್ತಿದಳು. ಟಣ್.

ಗುಳಿಯಲ್ಲೇ ಒಂದು ಬೆರಳು ಪಕ್ಕಕ್ಕೆ ಸರಿಸಿ ಒತ್ತಿದಳು. ಇಳಿಯಿತು.

ಕಬ್ಬಿಣ ಕುಯ್ಯುವ ಗರಗಸದ ಬ್ಲೇಡು, ಚಾಕು ತೆಗೆದುಕೊಂಡು ಶೂವನ್ನು ಉದ್ದಕ್ಕೆ ಸೀಳಿದಳು. ಮೇಲಿನ ಬಟ್ಟೆ, ಅದರ ಕೆಳಗೆ ರಟ್ಟು, ರಟ್ಟಿನ ಕೆಳಗೆ ರಬ್ಬರು. ರಟ್ಟಿಗೆ ಅಂಟಿಕೊಂಡು ಹಿಮ್ಮಡಿಯ ಮುಂಭಾಗದಿಂದ ಪಾದದ ಉಬ್ಬಿನ ಹಿಂದಿನವರೆಗೆ ಒಂದು ಉಕ್ಕಿನ ಪಟ್ಟಿ. ಉದ್ದ ನಾಲ್ಕು ಇಂಚು. ಅಗಲ ಅವಳ ಹೆಬ್ಬೆರಳಿನಷ್ಟು. ಮಧ್ಯದಲ್ಲಿ ಗಟ್ಟಿತನಕ್ಕೆಂದು ಒಂದು ಏಣು ಎಬ್ಬಿಸಿದ್ದರು. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೂ ಬಗ್ಗಲಿಲ್ಲ. ತನ್ನ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು. ಕಲ್ಲುಗುಡ್ಡೆಯ ಮೇಲೆ ಪಾದದ ನಡು ಬಾಗದ ಹಾಗೆ, ತಿರುಚದ ಹಾಗೆ ಹಿಡಿದಿತ್ತು. ಮೊಳೆ ತಡೆಯುವ ಕೆಲಸ ಅದರದ್ದಾಗಿರಲೇ ಇಲ್ಲ.

ಜಯಪ್ರಕಾಶ್ ಮೂರು ತಿಂಗಳ ಹಿಂದೆ ತೋರಿಸಿದ್ದ ಮಾದರಿ ಶೂ ಇನ್ನೂ ಕಪಾಟಿನಲ್ಲಿತ್ತು. ಅದನ್ನೂ ಸೀಳಿದಳು. ಅದರೊಳಗೆ ಬೆರಳ ತುದಿಯಿಂದ ಹಿಮ್ಮಡಿಯ ಅಂಚಿನವರೆಗೆ, ಪಾದದ ಆಕಾರಕ್ಕೇ ಕತ್ತರಿಸಿದ ತೆಳು ಉಕ್ಕಿನ ತಗಡು ಹಾಸಿತ್ತು. ಅರ್ಧ ಮಿಲಿಮೀಟರಿನಷ್ಟು ದಪ್ಪ ಇರಬಹುದು, ಹೆಜ್ಜೆಯ ಜೊತೆ ಬಾಗುತ್ತಿತ್ತು. ಆದರೆ ಎಲ್ಲಿ ಮೊಳೆ ಒತ್ತಿದರೂ ತಡೆಯುತ್ತಿತ್ತು. ಆ ಶೂವಿನ ನಾಲಿಗೆಯ ಮೇಲಿನ ಚೀಟಿಯಲ್ಲಿ ದರ್ಜೆಯ ಪಕ್ಕದಲ್ಲಿ 'ಪಿ' ಎಂಬ ಅಕ್ಷರವಿತ್ತು. ಮೊಳೆ ತೂರದು ಎನ್ನುವುದಕ್ಕೆ ಹಾಕುವ ಅಕ್ಷರ. ಬಂದ ನಲವತ್ತು ಜೊತೆಯಲ್ಲಿ ಒಂದರ ಮೇಲೂ ಆ ಅಕ್ಷರವಿರಲಿಲ್ಲ. ಸರಕಿನ ಚೀಟಿಯಲ್ಲಿ 'ಸ್ಟೀಲ್ ಶ್ಯಾಂಕ್' ಎಂದೇ ಬರೆದಿತ್ತು. ನಡುವಿನ ಪಟ್ಟಿ ಶ್ಯಾಂಕ್, ಇಡೀ ಪಾದದ ತಗಡು ಮಿಡ್‌ಸೋಲ್. ಎರಡೂ ಒಂದೇ ಎಂದುಕೊಂಡು ಅವಳೇ ಸಹಿ ಹಾಕಿ ಇಳಿಸಿಕೊಂಡಿದ್ದಳು.

ಅವತ್ತು ಸಂಜೆ ಸುತ್ತಿಗೆ ಹಿಡಿದ ಕೈ ನಾಲ್ಕು ಬೆರಳು ಮುಂದಕ್ಕೆ ಹೊಡೆದಿದ್ದರೆ ಎಲ್ಲ ಅಲ್ಲೇ ಗೊತ್ತಾಗಿಬಿಡುತ್ತಿತ್ತು. ನಡುವಿಗೇ ಯಾಕೆ ಹೊಡೆದೆ ಎಂದು ಮತ್ತೆ ಮತ್ತೆ ಕೇಳಿಕೊಂಡಳು. ನಡು ಅಂದರೆ ನಡು. ಕೈ ಅಲ್ಲಿಗೆ ಹೋಗಿತ್ತು.

ಜಯಪ್ರಕಾಶ್ ಸೀಳಿದ ಶೂಗಳನ್ನು ನೋಡಿ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಮಂಡ್ಯದವನು, ನಲವತ್ತೈದರ ಆಸುಪಾಸು, ಕೆಟ್ಟ ಮಾತಾಡುವವನಲ್ಲ.

"ಸ್ಟೀಲ್ ಇದೆ ತಾನೆ ಒಳಗೆ?"

"ಇದು ಶೂವಿನ ಬೆನ್ನುಮೂಳೆ ಸಾರ್, ಮೊಳೆ ತಡೆಯಲ್ಲ. ಮೊಳೆ ತುಳಿಯೋದು ಪಾದದ ಮುಂಭಾಗದಲ್ಲಿ. ಅಲ್ಲಿ ಬರೀ ರಬ್ಬರು."

"ಮಾದರಿ ತೋರಿಸಿದ್ದು ಬೇರೆ, ಕಳಿಸಿದ್ದು ಬೇರೆ. ಶೂ ಕಳಿಸಿದವನ ಜೊತೆ ನಾನು ಮಾತಾಡ್ತೀನಿ. ಆದರೆ ನೋಡಮ್ಮ ವನಜಾ, ಅಪಘಾತದ ಪುಸ್ತಕದಲ್ಲಿ ಶೂ ವಿಷಯ ಬೇಡ. ಚಪ್ಪಲಿ ಹಾಕ್ಕೊಂಡಿದ್ದ ಅಂತ ಬರಿ. ಕೊಟ್ಟಿದ್ವಿ, ಹಾಕ್ಕೊಂಡಿರಲಿಲ್ಲ. ಸಣ್ಣ ಗಾಯ, ವಾರದಲ್ಲಿ ಮರೆತು ಹೋಗುತ್ತೆ. ನೀನು ಶೂ ಅಂತ ಬರೆದರೆ ಮೊದಲು ಕೇಳೋದು ಇಳಿಸಿಕೊಂಡಿದ್ದು ಯಾರು ಅಂತ. ಸಹಿ ನಿಂದು."

ಅವನು ಹೆದರಿಸುವ ಹಾಗೆ ಹೇಳಲಿಲ್ಲ. ತಂಗಿಗೆ ಬುದ್ಧಿ ಹೇಳುವ ಹಾಗೆ ಹೇಳಿದ. ಅದಕ್ಕೇ ಅವಳಿಗೆ ಆ ಕ್ಷಣ ಎದುರಾಡಲು ಆಗಲಿಲ್ಲ. ಆ ದಿನ ಪುಸ್ತಕದಲ್ಲಿ ಏನನ್ನೂ ಬರೆಯದೆ ಮನೆಗೆ ಹೋದಳು.

ಶನಿವಾರ ಬೆಳಿಗ್ಗೆ ಮಾತ್ರ ಒಂದು ಕೆಲಸ ಮಾಡಿದಳು. ಸೀಳಿದ ಶೂವನ್ನು ಎಲ್ಲರಿಗೂ ತೋರಿಸಿ, ಮೂವತ್ತೊಂಬತ್ತು ಜೊತೆಯನ್ನೂ ವಾಪಸ್ಸು ಕೇಳಿದಳು. ಜನಕ್ಕೆ ಸಿಟ್ಟು ಬಂತು.

"ಇಸ್ಕಂಡು ಏನ್ ಕೊಡ್ತೀಯೆ? ಮತ್ತೆ ಚಪ್ಲೀನಾ?" ಎಂದ ಒಬ್ಬ.

"ಚಪ್ಪಲಿ ಹಾಕಿದ್ರೆ ಕೆಳಗೆ ನೋಡ್ತೀರಿ," ಅಂದಳು. "ಇದನ್ನ ಹಾಕ್ಕೊಂಡು ಯಾರೂ ನೋಡ್ತಿಲ್ಲ. ಒಂದೊಂದು ಹಲಗೆಯ ಮೊಳೆಯನ್ನೂ ಕೀಳೋವರೆಗೂ ಇವತ್ತು ಬೇರೆ ಕೆಲಸ ಇಲ್ಲ."

ಶಿವರಾಮು ಗೊಣಗಿದ. ಆದರೂ ಮಧ್ಯಾಹ್ನದವರೆಗೆ ಮೊಳೆ ಕೀಳುವ ಸದ್ದು ಕೇಳಿಸಿತು. ಎರಡು ಡಬ್ಬ ತುಂಬಿದವು. ಶೂಗಳನ್ನು ಗೋಣಿಚೀಲಗಳಿಗೆ ತುಂಬಿ ಸ್ಟೋರಿನಲ್ಲಿ ಹಾಕಿ ಬೀಗ ಜಡಿದಳು.

*

ಸೋಮವಾರ ಅಂಕಯ್ಯ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಮಾಡಿದರೆ, "ನೋವೇ ಇಲ್ಲ ಕಣವ್ವ, ಸ್ವಲ್ಪ ಊದ್ಕಂಡದೆ ಅಷ್ಟೆಯ" ಅಂದ. ಆಸ್ಪತ್ರೆಗೆ ಮತ್ತೆ ಹೋಗಿರಲಿಲ್ಲ, ಸಕ್ಕರೆ ಪರೀಕ್ಷೆಯೂ ಆಗಿರಲಿಲ್ಲ. ನೋವಿಲ್ಲದ್ದು ಒಳ್ಳೆಯದು ಎಂದು ಇಬ್ಬರೂ ಅಂದುಕೊಂಡರು. ಗುರುವಾರ ಬೆಳಿಗ್ಗೆ ಮಾಯಮ್ಮ ಫೋನು ಮಾಡಿದಳು. "ಕಾಲು ಕಪ್ಪಾಗ್ಬುಟ್ಟದೆ. ವಾಸ್ನೆ ಬತ್ತಾ ಅದೆ. ಚಳಿಜ್ವರ. ಏನ್ಮಾಡ್ಲಿ ಯೋಳು."

ಮಂಡ್ಯದ ದೊಡ್ಡಾಸ್ಪತ್ರೆಗೆ ವನಜಾ ಅವರಿಗಿಂತ ಮೊದಲೇ ಹೋಗಿ ನಿಂತಿದ್ದಳು. ವಾರ್ಡಿನ ಡಾಕ್ಟರು ದೀಪಿಕ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿಸಿ, ವನಜಾಳನ್ನು ಅಂಕಯ್ಯನ ಮಗಳೆಂದುಕೊಂಡು ಆಚೆಗೆ ಕರೆದಳು.

"ಇವರಿಗೆ ಸಕ್ಕರೆ ಕಾಯಿಲೆ ಇದೆ, ಎಷ್ಟೋ ವರ್ಷದಿಂದ. ಗೊತ್ತಿರಲಿಲ್ಲವಾ? ಅದಕ್ಕೇ ಪಾದದಲ್ಲಿ ನೋವು ಗೊತ್ತಾಗಿಲ್ಲ. ಶೂ ತೂರಿಕೊಂಡು ಹೋದ ಮೊಳೆ ಒಳಗಿನ ಬಟ್ಟೆ, ರಬ್ಬರಿನ ಚೂರನ್ನೂ ಅದರ ಕ್ರಿಮಿಗಳನ್ನೂ ಮೂಳೆವರೆಗೂ ತಳ್ಳಿಬಿಟ್ಟಿದೆ. ಮೇಲೆ ಗಾಯ ಮುಚ್ಚಿಕೊಂಡಿದೆ, ಒಳಗೆ ಕೊಳೆತಿದೆ."

ಮೊದಲು ಎರಡು ಬೆರಳು ತೆಗೆದರು. ನಾಲ್ಕು ದಿನಕ್ಕೆ ಪಾದದ ಮುಂಭಾಗ. ಕೀವು ನಿಲ್ಲಲಿಲ್ಲ. ಹನ್ನೊಂದನೆಯ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. ಜೀವ ಉಳಿಯಿತು.

ಆಪರೇಷನ್ನಿನ ಮೂರನೆಯ ದಿನ ವನಜಾ ಎಳನೀರು ತೆಗೆದುಕೊಂಡು ಹೋದಳು. ಅಂಕಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಹಾಸಿಗೆಗೆ ಅಂಟಿತ್ತು. ಅವಳ ದನಿ ಕೇಳಿ ಹೊರಳಿದ.

"ಅವತ್ತು ಬೂಟಿಗೆ ನೀನು ಮೊಳೆ ಒಡ್ದೆಯಲ್ಲವ್ವ," ಅಂದ ಮೆಲ್ಲಗೆ. "ನಾನೇ ಕಣ್ಣಾರೆ ನೋಡಿವ್ನಿ. ಬಗ್ಗೋಯ್ತು. ಮತ್ತೆ ನಂಗ್ಯಾಕೆ ಇಂಗಾಯ್ತು? ರಾತ್ರಿ ಹಗಲು ಅದೇ ಯೋಚ್ನೆ. ನಾನು ಏನಾರ ತಪ್ಪು ತುಳುದ್ನಾ?"

ಬೈಯುತ್ತಾನೆ ಅಂದುಕೊಂಡಿದ್ದಳು. ತಪ್ಪು ತನ್ನದೇ ಇರಬಹುದು ಎಂದು ಈ ಮನುಷ್ಯ ಇಷ್ಟು ದಿನ ಯೋಚಿಸುತ್ತ ಮಲಗಿದ್ದ. ಅವಳು ಎಳನೀರನ್ನು ಕೆಳಗಿಟ್ಟು ಮಂಚದ ಹತ್ತಿರಕ್ಕೆ ಬಾಗಿದಳು.

"ಇಲ್ಲ ಅಂಕಣ್ಣ. ನೀವು ಸರಿಯಾಗೇ ತುಳಿದಿದ್ದೀರಿ. ನಾನು ಹೊಡೆದಿದ್ದೇ ತಪ್ಪು ಜಾಗ." ಬ್ಯಾಗಿನಿಂದ ಒಂದು ಕಾಗದ ತೆಗೆದು ಪಾದದ ಚಿತ್ರ ಬರೆದಳು. ನಡುವಿನಲ್ಲಿ ಸಣ್ಣ ಪಟ್ಟಿ ಗೀಚಿದಳು. "ಉಕ್ಕು ಇದ್ದಿದ್ದು ಇಷ್ಟೇ. ಕಾಲು ಬಾಗದೇ ಇರಲಿ ಅಂತ ಇಡೋದು ಇದು. ನನ್ನ ಸುತ್ತಿಗೆ ಸರಿಯಾಗಿ ಇದರ ಮೇಲೇ ಬಿತ್ತು. ಮೊಳೆ ತಡೆಯೋಕೆ ಇಡೀ ಪಾದಕ್ಕೆ ತಗಡು ಇರಬೇಕಿತ್ತು. ಇರಲಿಲ್ಲ. ಮುಂದೆ, ಹಿಂದೆ, ಪಕ್ಕ ಎಲ್ಲ ಬರೀ ರಬ್ಬರು."

ಅಂಕಯ್ಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಮಾತಾಡಿದವಳು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ ಮಾಯಮ್ಮ.

"ನೀನು ಸುಳ್ಳು ಯೋಳ್ದೆ ಅಂತ ನಾನು ಅನ್ನಾಕಿಲ್ಲ. ನಿಂಗೆ ಗೊತ್ತಿರ್ನಿಲ್ಲ. ಗೊತ್ತಿಲ್ದೆ ಇದ್ದದ್ದ ಗೊತ್ತು ಅಂತ ಯಾಕವ್ವ ಯೋಳ್ದೆ? ಚಪ್ಲೀಲಿ ಮೂವತ್ತು ವರ್ಸ ಓಡಾಡ್ದ. ನಿನ್ನ ಮಾತ ನಂಬಿ ಅದಿನೇಳು ದಿನ ಓಡಾಡ್ದ."

ವನಜಾ ತಲೆ ತಗ್ಗಿಸಿದಳು. ಮಾಯಮ್ಮ ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಎಳನೀರನ್ನು ಮಾತ್ರ ತೆಗೆದುಕೊಂಡು, ಗಂಡನ ತಲೆ ಎತ್ತಿ ಕುಡಿಸಿದಳು.

"ಚಪ್ಪಲಿ ಹಾಕ್ಕೊಂಡಿದ್ರು ಅಂತ ಬರೀಬೇಕಂತೆ," ಎಂದು ವನಜಾ ಹೇಳಿದಳು. "ಹಾಗೆ ಬರೆದರೆ, ಕೊಟ್ಟಿದ್ದನ್ನ ಬೇಕಂತಲೇ ಹಾಕ್ಕೊಂಡಿರಲಿಲ್ಲ ಅಂತ ಪರಿಹಾರಕ್ಕೆ ಅಡ್ಡಿ ಮಾಡ್ತಾರೆ."

"ಬರ್ದುಬುಟ್ಯಾ?"

"ಇಲ್ಲ."

"ಮತ್ತೆ ಏನ್ ಬರೀತೀಯೆ?"

"ಆದದ್ದು."

ಮಾಯಮ್ಮ ಒಂದು ನಿಟ್ಟುಸಿರು ಬಿಟ್ಟಳು. ಅದು ಸಮಾಧಾನವೋ ಅಪನಂಬಿಕೆಯೋ ವನಜಾಗೆ ತಿಳಿಯಲಿಲ್ಲ.

ಅದೇ ಸಂಜೆ ಸೈಟಿಗೆ ಬಂದು ಪುಸ್ತಕ ತೆಗೆದಳು. ತಾರೀಖು, ಹೊತ್ತು, ಜಾಗ. ಕಾರ್ಮಿಕ ಕಂಪನಿ ಕೊಟ್ಟ ಶೂ ಧರಿಸಿದ್ದರು. ಶೂವಿನಲ್ಲಿ ಮೊಳೆ ತಡೆಯುವ ತಗಡು ಇರಲಿಲ್ಲ, ನಡುವಿನ ಪಟ್ಟಿ ಮಾತ್ರ ಇತ್ತು. ಪರೀಕ್ಷಿಸದೆ ಸ್ವೀಕರಿಸಿ ವಿತರಿಸಿದವಳು ನಾನು. ಹಲಗೆಗಳ ಮೊಳೆ ಕೀಳಿಸದೆ ಬಿಟ್ಟವಳೂ ನಾನು. ಕೆಳಗೆ ಸಹಿ ಮಾಡಿದಳು. ಪುಟದ ಫೋಟೋ ತೆಗೆದುಕೊಂಡಳು.

ಮಾರನೆಯ ದಿನ ಮಂಡ್ಯದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸೀಳಿದ ಎರಡೂ ಶೂಗಳನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಹೆಂಗಸು ಪಟ್ಟಿಯನ್ನೂ ತಗಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಈ ಹೇಳಿಕೆ ಕೊಟ್ಟರೆ ನಿಮ್ಮ ಮೇಲೂ ಬರುತ್ತೆ. ಗೊತ್ತಲ್ಲ?" ಎಂದು ಕೇಳಿದರು. ವನಜಾ ಗೊತ್ತು ಎಂದಳು.

ಹತ್ತು ದಿನದಲ್ಲಿ ಅವಳ ಕೆಲಸ ಹೋಯಿತು. ಕಾಗದದಲ್ಲಿ ಕರ್ತವ್ಯಲೋಪ ಎಂದಿತ್ತು, ಅದು ಸುಳ್ಳೇನೂ ಆಗಿರಲಿಲ್ಲ. ಜಯಪ್ರಕಾಶ್ ಇದ್ದಲ್ಲೇ ಇದ್ದ. ಶೂ ಕಳಿಸಿದವನು, ಚೀಟಿಯಲ್ಲಿ ಬರೆದದ್ದನ್ನೇ ಕಳಿಸಿದ್ದೇನೆ ಎಂದು ಉತ್ತರ ಕೊಟ್ಟ. ಅಂಕಯ್ಯನ ಪರಿಹಾರದ ಅರ್ಜಿ ದಾಖಲಾಯಿತು, ವಿಚಾರಣೆಗೆ ದಿನ ಗೊತ್ತಾಗಿ, ಮುಂದಕ್ಕೆ ಹೋಗಿ, ಮತ್ತೆ ಗೊತ್ತಾಯಿತು. ಅವನು ಬೆಸಗರಹಳ್ಳಿಯ ಮನೆಯ ಜಗಲಿಯಲ್ಲಿ ಕೂತು, ಊರವರ ಗುದ್ದಲಿ ಕೊಡಲಿಗಳಿಗೆ ಕಾವು ಕೆತ್ತಿಕೊಡುತ್ತಿದ್ದ. ಮಾಯಮ್ಮ ಈಗ ದಿನಾ ಒಬ್ಬಳೇ ಕೆಲಸಕ್ಕೆ ಹೋಗುತ್ತಿದ್ದಳು. ವನಜಾ ಎರಡು ಸಲ ಹೋಗಿ ಬಂದಳು. ಎರಡು ಸಲವೂ ಅಂಕಯ್ಯ ಕೂರಲು ಹೇಳಿದ. ಮಾಯಮ್ಮ ಕಾಫಿ ಕೊಟ್ಟಳು, ಮಾತಾಡಲಿಲ್ಲ.

*

ವಿಚಾರಣೆಯ ಮೂರನೆಯ ದಿನಾಂಕಕ್ಕೆ ಇನ್ನೂ ಒಂದು ವಾರವಿತ್ತು. ಬೇರೊಂದು ಕೆಲಸ ಕೇಳಲು ವನಜಾ ಮಳವಳ್ಳಿಗೆ ಹೊರಟಿದ್ದಳು. ಬಸ್ಸು ಊರಿನೊಳಕ್ಕೆ ತಿರುಗುವ ಮುಂಚೆ ರಸ್ತೆಬದಿಯಲ್ಲಿ ಒಂದು ಹಳೆಯ ಕಲ್ಯಾಣಮಂಟಪ ಕೆಡವುತ್ತಿದ್ದರು. ಬಸ್ಸು ನಿಧಾನವಾಯಿತು. ಕಲ್ಲುಗುಡ್ಡೆಯ ಮೇಲೆ ಏಳೆಂಟು ಗಂಡಸರು ಸುತ್ತಿಗೆ ಹಿಡಿದು ನಿಂತಿದ್ದರು. ಅವರ ಕಾಲಲ್ಲಿ ಕಪ್ಪು ಶೂ, ಹಿಮ್ಮಡಿಯ ಮೇಲೊಂದು ಹಳದಿ ಗೆರೆ.

ಆ ಗೆರೆಯನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು. ತಾನು ಗೋಣಿಚೀಲಕ್ಕೆ ತುಂಬಿ ಬೀಗ ಹಾಕಿದ್ದ ಶೂಗಳು. ಸೈಟಿನ ಹೆಸರಿನ ಮೊದಲಕ್ಷರವನ್ನು ಅವಳೇ ಬಿಳಿ ಬಣ್ಣದಲ್ಲಿ ಬರೆದಿದ್ದಳು. ಕೆಲವದರ ಮೇಲೆ ಅದಿನ್ನೂ ಮಾಸಿರಲಿಲ್ಲ. ಬೋರ್ಡು ನೋಡಿದರೆ ಅದೇ ಕಂಪನಿಯ ಇನ್ನೊಂದು ಸೈಟು. ಎಸೆಯುವುದು ಯಾಕೆ ಎಂದು ಯಾರೋ ಇಲ್ಲಿಗೆ ಸಾಗಿಸಿದ್ದರು.

"ನಿಲ್ಸಿ, ಇಳೀಬೇಕು," ಎಂದು ಎದ್ದಳು. ಕಂಡಕ್ಟರು ಬೈದುಕೊಂಡೇ ಸೀಟಿ ಊದಿದ.

ಗುಡ್ಡೆಯ ಕೆಳಗೆ ನಿಂತ ಮೇಸ್ತ್ರಿ, "ಯಾರಮ್ಮ ನೀನು? ಒಳಗೆ ಬರಂಗಿಲ್ಲ" ಎಂದು ಕೈ ಅಡ್ಡ ಹಿಡಿದ. ಅವನ ಹೆಸರು ಮರಿಸಿದ್ದಯ್ಯ ಎಂದು ಆಮೇಲೆ ಗೊತ್ತಾಯಿತು. ಸೇಫ್ಟಿಯವಳು ಎಂದು ಹೇಳಿಕೊಳ್ಳಲು ಅವಳಿಗೆ ಈಗ ಯಾವ ಹಕ್ಕೂ ಇರಲಿಲ್ಲ.

"ಈ ಶೂ ಮೊಳೆ ತಡೆಯಲ್ಲ ಅಣ್ಣ," ಅಂದಳು. "ಮದ್ದೂರಲ್ಲಿ ಒಬ್ಬರ ಕಾಲು ಹೋಯ್ತು ಇದರಿಂದ."

"ಸುಮ್ಕಿರಮ್ಮ. ಒಳಗೆ ಕಬ್ಬಿಣ ಅದೆ. ನಾವೇ ಮೊಳೆ ಒಡ್ದು ನೋಡಿವಿ."

"ನಡುವೆ ಹೊಡೆದಿರ್ತೀರಿ," ಅಂದಳು ವನಜಾ. "ನಾನೂ ಅಲ್ಲೇ ಹೊಡೆದಿದ್ದೆ."

ಗುಡ್ಡೆಯ ಮೇಲಿದ್ದವರು ಕೆಲಸ ನಿಲ್ಲಿಸಿ ಕೆಳಗೆ ನೋಡುತ್ತಿದ್ದರು. ಅವರಲ್ಲೊಬ್ಬ, ಅಂಕಯ್ಯನ ವಯಸ್ಸಿನವನೇ, ಗಡ್ಡ ನೆರೆತವನು, ಇಳಿದು ಬಂದು ಒಂದು ಹೆಂಟೆಯ ಮೇಲೆ ಕೂತ. ಏನೂ ಕೇಳದೆ ಬಲಗಾಲಿನ ದಾರ ಬಿಚ್ಚಿ, ಶೂ ಎಳೆದು ಅವಳ ಮುಂದೆ ಹಿಡಿದ.

"ತೋರ್ಸು," ಅಂದ.

ಅವಳು ನೆಲದಿಂದ ಒಂದು ಮೊಳೆ ಆರಿಸಿಕೊಂಡಳು. ಶೂವನ್ನು ಬೋರಲು ಹಾಕಿ, ಹೆಬ್ಬೆರಳಿನ ಬುಡ ಕೂರುವ ಜಾಗದಲ್ಲಿ ಮೊಳೆ ನಿಲ್ಲಿಸಿ, ಇಟ್ಟಿಗೆಯ ಚೂರೊಂದನ್ನು ಅದರ ತಲೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿದಳು. ಮೊಳೆ ಇಳಿಯತೊಡಗಿತು. ಆ ಮನುಷ್ಯ ಶೂವಿನೊಳಗೆ ಬೆರಳು ತೂರಿಸಿ ಕಾಯುತ್ತಿದ್ದವನು, ಚುರುಕ್ಕೆಂದು ಕೈ ಹಿಂದಕ್ಕೆಳೆದುಕೊಂಡ. ಬೆರಳ ತುದಿಯ ರಕ್ತವನ್ನು ನೋಡಿದ. ಆಮೇಲೆ ತಲೆಯೆತ್ತಿ, ಗುಡ್ಡೆಯ ಮೇಲಿದ್ದವರಿಗೆ ಕೂಗಿ ಹೇಳಿದ:

"ಇಳೀರ್ಲಾ ಎಲ್ರೂವೆ. ನೋಡ್ಕಂಡು ಇಳೀರಿ."